ಮುಟ್ಟಿದ್ದು ಎಷ್ಟು ಜಾಗ?

ಎರಡು ಸೀಸದ ಗುಂಡುಗಳನ್ನು ತೆಗೆದುಕೊಂಡು, ಚಾಕುವಿನಿಂದ ಒಂದೊಂದರ ಮೈಯನ್ನೂ ಚೂರು ಕೆತ್ತಿ ಹೊಳೆಯುವ ಸಣ್ಣ ಸಪಾಟು ಮಾಡಬೇಕು. ಆ ಎರಡು ಹೊಸ ಮುಖಗಳನ್ನು ಒಂದಕ್ಕೊಂದು ಒತ್ತಿ, ಕೈಯಲ್ಲೇ ಸ್ವಲ್ಪ ತಿರುಚಬೇಕು. ಗುಂಡುಗಳು ಕಚ್ಚಿಕೊಂಡು ಬಿಡುತ್ತವೆ. ನ್ಯೂಟನ್ನರ ಸಹಾಯಕರಾಗಿದ್ದ ಜಾನ್ ಡೆಸಾಗುಲಿಯೆ ಎಂಬುವರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1720ರ ದಶಕದಲ್ಲಿ ಈ ಪ್ರಯೋಗ ತೋರಿಸಿದರು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಆ ಅಂಟು ಹತ್ತಾರು ಪೌಂಡು ತೂಕವನ್ನು ತಡೆಯಿತು. ಬಿಡಿಸಿ ನೋಡಿದಾಗ ಕೆತ್ತಿದ ಮುಖದ ಒಂದು ಪಾಲು ಮಾತ್ರ ನಿಜವಾಗಿ ಅಂಟಿತ್ತು.

ಉಜ್ಜುವ ಮೇಲ್ಮೈಗಳ ನಡುವೆ ಇಂಥ ಅಂಟೇ ಇರಬಹುದೆ, ಘರ್ಷಣೆ ಎಂದರೆ ಇದೇ ಇರಬಹುದೆ ಎಂಬ ಅನುಮಾನ ಡೆಸಾಗುಲಿಯೆಗೆ ಬಂದಿತ್ತು. ಆದರೆ ಆ ಅನುಮಾನಕ್ಕೆ ಅಡ್ಡವಾಗಿ ಒಂದು ಗಟ್ಟಿ ಸತ್ಯ ನಿಂತಿತ್ತು. ಪ್ಯಾರಿಸಿನಲ್ಲಿ ಗಿಯೋಮ್ ಅಮೊಂಟೊ 1699ರಲ್ಲೇ ಅಳೆದು ಹೇಳಿದ್ದರು: ಘರ್ಷಣೆ ಹೇರಿದ ಭಾರವನ್ನು ಅವಲಂಬಿಸುತ್ತದೆಯೇ ಹೊರತು ಮೇಲ್ಮೈಯ ಅಗಲವನ್ನಲ್ಲ. ಇಟ್ಟಿಗೆಯನ್ನು ಮಲಗಿಸಿ ಎಳೆದರೂ ಒಂದೇ, ಅದರ ಚಿಕ್ಕ ಮಗ್ಗುಲಿನ ಮೇಲೆ ನಿಲ್ಲಿಸಿ ಎಳೆದರೂ ಒಂದೇ. ಅಂಟೇ ಕಾರಣವಾಗಿದ್ದರೆ ಅಗಲ ಮುಖಕ್ಕೆ ಹೆಚ್ಚು ಅಂಟಬೇಕಿತ್ತಲ್ಲ?

ಇದೇ ಪ್ರಶ್ನೆ ಮುಂದೆ ಕೂಲಂಬ್ ಅವರನ್ನೂ ನಿಲ್ಲಿಸಿತು. ವಿದ್ಯುತ್ತಿನ ನಿಯಮದಿಂದ ನಮಗೆ ಪರಿಚಿತರಾದ ಈ ಸೇನಾ ಎಂಜಿನಿಯರ್ ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಮರ, ಲೋಹ, ಹಗ್ಗಗಳನ್ನು ಎಳೆದೆಳೆದು ಅಳೆದರು. 1785ರಲ್ಲಿ ಪ್ರಕಟವಾದ ಅವರ ಪ್ರಬಂಧ ಅಂಟನ್ನು ಬದಿಗಿಟ್ಟು, ಮೇಲ್ಮೈಯ ಉಬ್ಬುತಗ್ಗುಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದೇ ಘರ್ಷಣೆಗೆ ಮುಖ್ಯ ಕಾರಣ ಎಂದಿತು. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಶಾಲೆ ಕಾಲೇಜುಗಳಲ್ಲಿ ಇದೇ ಪಾಠ ನಡೆಯಿತು. ಆದರೆ ಈ ಚಿತ್ರದಲ್ಲೂ ಒಂದು ತೂತಿತ್ತು. ಉಬ್ಬನ್ನು ಹತ್ತುವಾಗ ಖರ್ಚಾದ ಶಕ್ತಿ ಇಳಿಯುವಾಗ ಮರಳಿ ಸಿಗಬೇಕು. ಹಾಗಿದ್ದರೆ ಉಜ್ಜಿದ ಲೋಹ ಬಿಸಿಯಾಗುವುದು ಏಕೆ?

ಗಂಟು ಬಿಡಿಸಿದವರು ಕೇಂಬ್ರಿಜ್‌ನಲ್ಲಿದ್ದ ಇಬ್ಬರು. ಫಿಲಿಪ್ ಬೌಡನ್ ಟಾಸ್ಮೇನಿಯಾದ ಹೋಬಾರ್ಟ್‌ನವರು. ಡೇವಿಡ್ ಟೇಬರ್ ಲಂಡನ್ನಿನವರು; 1936ರಲ್ಲಿ ಬೌಡನ್ ಅವರ ಬಳಿ ಸಂಶೋಧನೆಗೆ ಸೇರಿದವರು. ಅವರು ಅಲ್ಲಿಯವರೆಗಿನ ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟಾಗ ಅವು ನಿಜವಾಗಿ ಮುಟ್ಟುವುದು ಎಷ್ಟು ಜಾಗದಲ್ಲಿ?

ಮುಟ್ಟಿದ ಜಾಗ ಎರಡು ಲೋಹಗಳ ನಡುವೆ ಅಡಗಿರುವುದರಿಂದ ಅದನ್ನು ಕಣ್ಣಿನಿಂದ ನೋಡಲಾಗದು. ಹಾಗಾಗಿ ಅವರು ವಿದ್ಯುತ್ತನ್ನು ಹರಿಸಿದರು. ಲೋಹಗಳು ಎಲ್ಲಿ ಮುಟ್ಟಿವೆಯೋ ಅಲ್ಲಿ ಮಾತ್ರ ವಿದ್ಯುತ್ ದಾಟಬಲ್ಲದು. ದಾರಿ ಇಕ್ಕಟ್ಟಾದಷ್ಟೂ ರೋಧ ಹೆಚ್ಚು. ಭಾರ ಹೆಚ್ಚಿಸಿದಂತೆ ರೋಧ ಇಳಿಯಿತು. ಆದರೆ ತುಂಡುಗಳ ಅಗಲ ಬದಲಿಸಿದಾಗ ರೋಧ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 1939ರಲ್ಲಿ ಪ್ರಕಟವಾದ ಈ ಅಳತೆಗಳ ಅರ್ಥ ಸ್ಪಷ್ಟವಾಗಿತ್ತು: ಕಣ್ಣಿಗೆ ಕಾಣುವ ಅಗಲ ಬೇರೆ, ಮುಟ್ಟಿದ ಅಗಲ ಬೇರೆ. ಎರಡನೆಯದನ್ನು ನಿರ್ಧರಿಸುವುದು ಭಾರ ಮಾತ್ರ.

ಎಷ್ಟೇ ನುಣುಪಾಗಿ ಉಜ್ಜಿದ ಉಕ್ಕಿನ ಮೇಲೂ ಸೂಕ್ಷ್ಮವಾದ ಗುಡ್ಡಗಳಿರುತ್ತವೆ. ಮೇಲಿನ ತುಂಡು ಕೆಳಗಿನದರ ಕೆಲವೇ ತುದಿಗಳ ಮೇಲೆ ಕೂರುತ್ತದೆ. ಇಡೀ ಭಾರ ಆ ತುದಿಗಳ ಮೇಲೆ ಬೀಳುವುದರಿಂದ ಅವು ಜಜ್ಜಿ ಚಪ್ಪಟೆಯಾಗುತ್ತವೆ, ಭಾರ ಹೊರುವಷ್ಟು ಜಾಗ ಸಿಕ್ಕ ಕೂಡಲೇ ನಿಲ್ಲುತ್ತವೆ. ಆ ಜಾಗ ಎಷ್ಟೆಂದು ತಿಳಿಯಲು ಭಾರವನ್ನು ಲೋಹದ ಗಡಸುತನದಿಂದ ಭಾಗಿಸಿದರೆ ಸಾಕು. ಮೆದು ಉಕ್ಕಿನ ಗಡಸುತನ ಒಂದು ಚದರ ಮಿಲಿಮೀಟರಿಗೆ ಸುಮಾರು 2000 ನ್ಯೂಟನ್. ಮೇಲೆ 100 ನ್ಯೂಟನ್, ಅಂದರೆ ಸುಮಾರು 10 ಕೆ.ಜಿ. ಭಾರವಿದ್ದರೆ ಮುಟ್ಟುವ ಜಾಗ 0.05 ಚದರ ಮಿ.ಮೀ. ತುಂಡಿನ ಮುಖ 1000 ಚದರ ಮಿ.ಮೀ. ಇದ್ದರೆ ಅದರಲ್ಲಿ ಇಪ್ಪತ್ತು ಸಾವಿರದಲ್ಲೊಂದು ಪಾಲು ಮಾತ್ರ ಮುಟ್ಟಿದೆ, ಉಳಿದದ್ದೆಲ್ಲ ಸಂದು.

ಎರಡು ಶತಮಾನದ ತೊಡಕು ಇಲ್ಲಿಗೆ ಕಳಚಿತು. ಜಜ್ಜಿದ ತುದಿಗಳಲ್ಲಿ ಲೋಹ ಲೋಹಕ್ಕೆ ಬೆಸೆದುಕೊಳ್ಳುತ್ತದೆ, ಡೆಸಾಗುಲಿಯೆಯ ಸೀಸದ ಹಾಗೆ. ಜಾರಬೇಕಾದರೆ ಆ ಬೆಸುಗೆಗಳನ್ನು ಕತ್ತರಿಸಬೇಕು. ಭಾರ ಇಮ್ಮಡಿಯಾದರೆ ಬೆಸುಗೆಯ ಜಾಗವೂ ಇಮ್ಮಡಿ, ಘರ್ಷಣೆಯೂ ಇಮ್ಮಡಿ. ಇಟ್ಟಿಗೆ ಮಲಗಿದ್ದರೂ ನಿಂತಿದ್ದರೂ ಭಾರ ಒಂದೇ, ಆದ್ದರಿಂದ ಮುಟ್ಟಿದ ಜಾಗವೂ ಒಂದೇ. ಅಂಟಿನ ವಿರುದ್ಧ ಸಾಕ್ಷಿ ಎನಿಸಿದ್ದ ಅಮೊಂಟೊ ನಿಯಮ ಅಂಟಿನಿಂದಲೇ ಹುಟ್ಟಿದ್ದಾಗಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಆಗ ಆಸ್ಟ್ರೇಲಿಯಾದಲ್ಲಿದ್ದ ಬೌಡನ್ ಮೆಲ್ಬರ್ನ್‌ನಲ್ಲಿ ಬೇರಿಂಗ್ ಮತ್ತು ಎಣ್ಣೆಗಳ ಪ್ರಯೋಗಾಲಯ ಕಟ್ಟಿದರು. 1940ರಲ್ಲಿ ಟೇಬರ್ ಅಲ್ಲಿಗೆ ಬಂದರು. ವಿಮಾನದ ಎಂಜಿನ್ನಿನ ಬೇರಿಂಗ್‌ಗಳೇ ಅವರ ಕೆಲಸ. ಹೊಸ ತಿಳಿವಳಿಕೆ ಇಲ್ಲಿ ಕೈಗೆ ಬಂದ ಸಾಧನವಾಯಿತು. ಘರ್ಷಣೆ ಎಂದರೆ ಮುಟ್ಟಿದ ಜಾಗ ಗುಣಿಸು ಅದನ್ನು ಕತ್ತರಿಸುವ ಬಲ ಎಂದಾದರೆ, ಅದನ್ನು ತಗ್ಗಿಸಲು ಜಾಗವೂ ಕಡಿಮೆಯಾಗಬೇಕು, ಕತ್ತರಿಸುವುದೂ ಸುಲಭವಾಗಬೇಕು. ಗಡಸು ಲೋಹದಲ್ಲಿ ಜಾಗ ಕಡಿಮೆ, ಆದರೆ ಕತ್ತರಿಸಲು ಕಷ್ಟ. ಮೆದು ಲೋಹವನ್ನು ಕತ್ತರಿಸುವುದು ಸುಲಭ, ಆದರೆ ಅದು ಜಜ್ಜಿ ಅಗಲವಾಗುತ್ತದೆ. ಎರಡರ ಗುಣವೂ ಒಟ್ಟಿಗೆ ಸಿಗಲು ಗಡಸು ಉಕ್ಕಿನ ಮೇಲೆ ಇಂಡಿಯಮ್‌ನಂಥ ಮೆದು ಲೋಹವನ್ನು ತೆಳುವಾಗಿ ಲೇಪಿಸಿದರು. ಭಾರ ಹೊತ್ತದ್ದು ಉಕ್ಕು, ಕತ್ತರಿಸಿಕೊಂಡದ್ದು ಇಂಡಿಯಮ್. ಘರ್ಷಣೆ ಧಾರಾಳವಾಗಿ ಇಳಿಯಿತು.

ಘರ್ಷಣೆಯ ಕತೆ ಹೀಗೆ ಬಗೆಹರಿದರೂ ಸವೆತದ ಕತೆ ಬಾಕಿ ಇತ್ತು. ಬೆಸುಗೆ ಕತ್ತರಿಸುವಾಗ ಮುಟ್ಟಿದ ಗೆರೆಯಲ್ಲೇ ಬಿಟ್ಟರೆ ನಷ್ಟವಿಲ್ಲ. ಮೆದು ಲೋಹದ ಒಳಗಿನಿಂದ ಕಿತ್ತು ಬಂದರೆ ಒಂದು ಚೂರು ಎದುರಿನ ಲೋಹಕ್ಕೆ ದಾಟುತ್ತದೆ. ದಾಟುವುದನ್ನು ನೋಡುವ ದಾರಿಯನ್ನು ಅರ್ನೆಸ್ಟ್ ರಾಬಿನೊವಿಚ್ ಮತ್ತು ಟೇಬರ್ 1951ರಲ್ಲಿ ತೋರಿಸಿದರು. ಒಂದು ತುಂಡನ್ನು ವಿಕಿರಣಶೀಲ ಮಾಡಿ ಇನ್ನೊಂದರ ಮೇಲೆ ಜಾರಿಸಿ, ಆ ಎರಡನೆಯದನ್ನು ಫೋಟೊ ಫಿಲ್ಮಿಗೆ ಒತ್ತಿಟ್ಟರು. ಜಾರಿದ ದಾರಿಯುದ್ದಕ್ಕೂ ಕಪ್ಪು ಚುಕ್ಕೆಗಳು ಮೂಡಿದವು. ಒಂದೊಂದು ಚುಕ್ಕೆಯೂ ಕಿತ್ತು ಬಂದ ಲೋಹದ ಚೂರು. ಒಳ್ಳೆಯ ಎಣ್ಣೆ ಹಾಕಿದಾಗ ಘರ್ಷಣೆ ಇಪ್ಪತ್ತು ಪಟ್ಟಿನಷ್ಟು ಇಳಿದರೆ, ದಾಟುವ ಲೋಹ ಸಾವಿರಾರು ಪಟ್ಟು ಇಳಿಯಿತು. ಅಂದರೆ ಘರ್ಷಣೆಯನ್ನು ನೋಡಿ ಸವೆತವನ್ನು ಊಹಿಸಲಾಗದು.

ಏಕೆ ಆಗದು ಎಂಬುದಕ್ಕೆ ಲೆಕ್ಕ ಕೊಟ್ಟವರು ಇಂಗ್ಲೆಂಡಿನ ಆಲ್ಡರ್‌ಮಾಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಆರ್ಚರ್ಡ್. 1953ರ ಅವರ ಸೂತ್ರ ಚಿಕ್ಕದು:

V = k·W·L / H

ಸವೆದ ಗಾತ್ರ V, ಭಾರ W, ಜಾರಿದ ದೂರ L, ಮೆದು ಲೋಹದ ಗಡಸುತನ H. W/H ಎಂದರೆ ಅದೇ ಮುಟ್ಟಿದ ಜಾಗ. ಹೊಸದು k ಮಾತ್ರ: ಉಂಟಾದ ಬೆಸುಗೆಗಳಲ್ಲಿ ಚೂರು ಕಿತ್ತುಕೊಂಡು ಹೋಗುವವು ಎಷ್ಟು ಎಂಬ ಪಾಲು. ಎಣ್ಣೆಯಿಲ್ಲದೆ ಮೆದು ಉಕ್ಕು ಮೆದು ಉಕ್ಕನ್ನು ಉಜ್ಜಿದರೆ ಸಾವಿರಕ್ಕೆ ಸುಮಾರು 7. ಹಿತ್ತಾಳೆ ಗಡಸು ಉಕ್ಕನ್ನು ಉಜ್ಜಿದರೆ ಹತ್ತು ಸಾವಿರಕ್ಕೆ ಸುಮಾರು 6. ಪಾಲಿಥೀನ್ ಆದರೆ ಕೋಟಿಗೆ ಒಂದೋ ಎರಡೋ.

ನಮ್ಮ 100 ನ್ಯೂಟನ್ ಭಾರವನ್ನೇ ಒಂದು ಕಿಲೋಮೀಟರ್ ಎಳೆಯೋಣ. ಮುಟ್ಟಿದ ಜಾಗ 0.05 ಚದರ ಮಿ.ಮೀ., ದೂರ ಹತ್ತು ಲಕ್ಷ ಮಿ.ಮೀ. ಉಕ್ಕಿನ ಮೇಲೆ ಉಕ್ಕಾದರೆ ಸವೆಯುವುದು ಸುಮಾರು 350 ಘನ ಮಿ.ಮೀ. 1000 ಚದರ ಮಿ.ಮೀ. ಮುಖದಲ್ಲಿ ಇದು ಮೂರನೇ ಒಂದು ಮಿಲಿಮೀಟರಿಗೂ ಮೀರಿದ ಆಳ. ಹಿತ್ತಾಳೆಯ ಗಡಸುತನ ಉಕ್ಕಿನ ಅರ್ಧದಷ್ಟು ಎಂದಿಟ್ಟುಕೊಂಡರೆ ಮುಟ್ಟುವ ಜಾಗ ಎರಡು ಪಟ್ಟು. ಆದರೂ ಸವೆಯುವುದು ಸುಮಾರು 60 ಘನ ಮಿ.ಮೀ. ಮಾತ್ರ. ಲೆಕ್ಕ ಅಂದಾಜಿನದು, ಆದರೆ ಪಾಠ ಗಟ್ಟಿ: ಗಡಸಾದದ್ದೇ ಹೆಚ್ಚು ಬಾಳುತ್ತದೆ ಎಂಬುದು ಇಲ್ಲಿ ನಿಲ್ಲುವುದಿಲ್ಲ. ಸೂತ್ರಕ್ಕೆ ಒಂದು ಎಲ್ಲೆಯೂ ಇದೆ. ಒತ್ತಡ ಗಡಸುತನದ ಮೂರನೇ ಒಂದು ಭಾಗವನ್ನು ದಾಟಿದರೆ ಬೆಸುಗೆಗಳು ಒಂದಕ್ಕೊಂದು ಕೂಡಿಕೊಂಡು, ಸವೆತ ಒಮ್ಮೆಲೇ ಏರಿ ಭಾಗ ಸೀಜ್ ಆಗುತ್ತದೆ. ಇದನ್ನು ಬರ್ವೆಲ್ ಮತ್ತು ಸ್ಟ್ರಾಂಗ್ 1952ರಲ್ಲಿ ಕಂಡರು.

ಯಾವ ಜೋಡಿಯಲ್ಲಿ ಬೆಸುಗೆ ಕಮ್ಮಿ? ಜನರಲ್ ಮೋಟರ್ಸ್ ಸಂಶೋಧಕರು 38 ಶುದ್ಧ ಲೋಹಗಳನ್ನು ಒಂದೊಂದಾಗಿ ಉಕ್ಕಿಗೆ ಉಜ್ಜಿ 1956ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಕ್ಕನ್ನು ಕಚ್ಚದೆ ಜಾರಿದವು ಬೆಳ್ಳಿ, ಸೀಸ, ತವರದಂಥ ಕೆಲವೇ ಲೋಹಗಳು. ಕಬ್ಬಿಣದಲ್ಲಿ ಕರಗಿ ಬೆರೆಯುವುದು ಅವಕ್ಕೆ ಕಷ್ಟ. ಸುಲಭವಾಗಿ ಬೆರೆಯುವ ಲೋಹ ಸುಲಭವಾಗಿ ಬೆಸೆಯುತ್ತದೆ, ಒಂದೇ ಲೋಹದ ಜೋಡಿಯಂತೂ ಎಲ್ಲಕ್ಕಿಂತ ಮೊದಲು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಬಿಗಿಯುವಾಗ ಅರ್ಧದಲ್ಲೇ ಜಾಮ್ ಆಗುವುದಕ್ಕೂ, ಉಕ್ಕಿನ ಶಾಫ್ಟಿಗೆ ಗನ್‌ಮೆಟಲ್ ಬುಷ್ ಹಾಕುವುದಕ್ಕೂ ಕಾರಣ ಒಂದೇ.

ಇಷ್ಟೆಲ್ಲ ಅಂಟು ಸವೆತದ ಮಾತು. ನಡುವೆ ಮರಳು ಬಿದ್ದರೆ ಕತೆ ಬೇರೆ. ಮರಳಿನ ಕಣ ಹದ ಮಾಡಿದ ಉಕ್ಕಿಗಿಂತಲೂ ಗಡಸು. ಅದು ಬೆಸೆಯುವುದಿಲ್ಲ, ಉಳಿಯ ಹಾಗೆ ಕೆತ್ತುತ್ತದೆ. ಈ ಗೀರು ಸವೆತದಲ್ಲಿ ಗಡಸುತನಕ್ಕೆ ಮತ್ತೆ ಬೆಲೆ ಬರುತ್ತದೆ. ಶುದ್ಧ ಲೋಹ ಎಷ್ಟು ಗಡಸೋ ಅಷ್ಟು ತಾಳಿಕೆ ಎಂದು ಮಾಸ್ಕೋದಲ್ಲಿ ಕ್ರುಶ್ಚೊವ್ ಎಂಬ ಸಂಶೋಧಕರು ತೋರಿಸಿದರು.

ಮೆದು ಬುಷ್ ಒಂದೆರಡು ಕಣಗಳನ್ನು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟನ್ನು ಉಳಿಸುತ್ತದೆ. ಆದರೆ ಕಣಗಳು ಹೆಚ್ಚಾದರೆ ಆ ಬುಷ್ಷೇ ಉಜ್ಜುಕಾಗದವಾಗಿ ತನಗಿಂತ ಗಡಸಾದ ಶಾಫ್ಟನ್ನು ತಿನ್ನುತ್ತದೆ. ವರ್ಕ್‌ಶಾಪಿನಲ್ಲಿ ಬಿಚ್ಚಿದ ಜೋಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಶಾಫ್ಟಿನ ಮೈಯಲ್ಲಿ ಬುಷ್ಷಿನ ಹಳದಿ ಲೋಹ ಮೆತ್ತಿಕೊಂಡು, ಬುಷ್ಷಿನಲ್ಲಿ ಕಿತ್ತ ಒರಟು ಕುಳಿಗಳಿದ್ದರೆ ಅದು ಅಂಟು ಸವೆತ. ಆಗ ಎಣ್ಣೆ ತಲುಪಿಲ್ಲ, ಇಲ್ಲವೇ ಜೋಡಿ ತಪ್ಪಿದೆ, ಇಲ್ಲವೇ ಭಾರ ಮೀರಿದೆ. ತಿರುಗುವ ದಿಕ್ಕಿನಲ್ಲಿ ಬಾಚಣಿಗೆ ಎಳೆದಂತೆ ನೇರ ಗೀರುಗಳಿದ್ದು, ಬುಷ್ ಚೆನ್ನಾಗಿದ್ದು ಶಾಫ್ಟೇ ಸವೆದಿದ್ದರೆ ಮರಳು ಹೊಕ್ಕಿದೆ. ಆಗ ಬುಷ್ಷಿನ ಲೋಹ ಬದಲಿಸಿ ಪ್ರಯೋಜನವಿಲ್ಲ, ಸೀಲನ್ನೂ ಫಿಲ್ಟರನ್ನೂ ನೋಡಬೇಕು.

ಎಂಜಿನ್ನಿನ ಬೇರಿಂಗುಗಳಲ್ಲಿ ಬಹುಕಾಲ ಬಳಸಿದ ತಾಮ್ರ-ಸೀಸದ ಮಿಶ್ರಲೋಹ ಇದೇ ತಿಳಿವಳಿಕೆಯ ಗುರುತು. ಭಾರ ಹೊರುವುದು ತಾಮ್ರ. ಅದರ ನಡುನಡುವೆ ಹುದುಗಿರುವ ಸೀಸ ಮೈಮೇಲೆ ತೆಳುವಾಗಿ ಹರಡಿ ಶಾಫ್ಟನ್ನು ಜಾರಿಸುತ್ತದೆ. ಡೆಸಾಗುಲಿಯೆಯ ಕೈಯಲ್ಲಿ ಸೀಸ ಸೀಸವನ್ನು ಬಿಡದೆ ಹಿಡಿದಿತ್ತು. ಉಕ್ಕಿನ ಎದುರು ಅದೇ ಸೀಸ ಕಚ್ಚದೆ ಜಾರುತ್ತದೆ.