ಸರಿಯುವುದು ಚೆಂಡೋ, ಬಲಗಾಲೋ?

ಅಮೆರಿಕದ ಗಾಲ್ಫ್ ದಿಗ್ಗಜ ಬೆನ್ ಹೋಗನ್ 1957ರಲ್ಲಿ ‘ಫೈವ್ ಲೆಸನ್ಸ್’ ಎಂಬ ಪುಸ್ತಕ ಬರೆದರು. ಕ್ಲಬ್ ಯಾವುದೇ ಇರಲಿ, ಎಡಗಾಲಿಗೂ ಚೆಂಡಿಗೂ ಇರುವ ಅಂತರ ಬದಲಾಗಬಾರದು, ಕ್ಲಬ್ ಉದ್ದವಾದಂತೆ ಬಲಗಾಲು ಮಾತ್ರ ದೂರ ಸರಿಯಬೇಕು ಎಂಬುದು ಅದರಲ್ಲಿ ಅವರು ಹೇಳಿಕೊಟ್ಟ ಪಾಠ. 1974ರಲ್ಲಿ ಬಂದ ‘ಗಾಲ್ಫ್ ಮೈ ವೇ’ಯಲ್ಲಿ ಜ್ಯಾಕ್ ನಿಕ್ಲಾಸ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಇವತ್ತು ಯಾವ ಡ್ರೈವಿಂಗ್ ರೇಂಜಿಗೆ ಹೋದರೂ ತರಬೇತುದಾರರ ಮಾತು ಬೇರೆ: ವೆಜ್ ಆದರೆ ಚೆಂಡು ಕಾಲುಗಳ ನಡುವೆ, ಡ್ರೈವರ್ ಆದರೆ ಎಡ ಹಿಮ್ಮಡಿಯ ನೇರಕ್ಕೆ, ಮಿಕ್ಕ ಕ್ಲಬ್‌ಗಳೆಲ್ಲ ಇವೆರಡರ ಮಧ್ಯೆ. ಹಾಗಾದರೆ ಆ ದಿಗ್ಗಜರು ತಪ್ಪು ಹೇಳಿದರೇ?

ಇಲ್ಲ. ಟೇಪು ಹಿಡಿದು ಅಳೆದರೆ ಎರಡು ಪಾಠಗಳ ಜಗಳ ಅರ್ಧಕ್ಕರ್ಧ ಕರಗಿಹೋಗುತ್ತದೆ. ಮಧ್ಯಮ ಎತ್ತರದ ಬಲಗೈ ಆಟಗಾರನೊಬ್ಬ ವೆಜ್ ಹಿಡಿದು ನಿಂತಿದ್ದಾನೆ ಎಂದುಕೊಳ್ಳಿ. (ಎಡಗೈಯವರು ಇಲ್ಲಿನ ಎಡ-ಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.) ಹಿಮ್ಮಡಿಗಳ ನಡುವಿನ ಅಂತರ 26 ಸೆಂಟಿಮೀಟರ್. ಚೆಂಡು ನಟ್ಟನಡುವೆ ಇದೆ; ಅಂದರೆ ಎಡ ಹಿಮ್ಮಡಿಯಿಂದ 13 ಸೆಂ.ಮೀ. ಒಳಗೆ. ಈಗ ಅವನು 7ನೇ ಐರನ್ ತೆಗೆದುಕೊಂಡು ಕಾಲನ್ನು 34 ಸೆಂ.ಮೀ.ಗೆ ಅಗಲಿಸುತ್ತಾನೆ. ನಡುಭಾಗದಿಂದ ಒಂದು ಚೆಂಡಿನಷ್ಟು ಮುಂದೆ ಇಡು ಎನ್ನುವುದು ಈ ಕ್ಲಬ್ಬಿಗೆ ಹೇಳುವ ವಾಡಿಕೆಯ ಮಾತು. ಗಾಲ್ಫ್ ಚೆಂಡಿನ ವ್ಯಾಸ ಸುಮಾರು 4.3 ಸೆಂ.ಮೀ. ಹದಿನೇಳರಲ್ಲಿ ಅದನ್ನು ಕಳೆದರೆ ಉಳಿಯುವುದು ಮತ್ತದೇ 13 ಸೆಂ.ಮೀ.! ಚೆಂಡು ಮುಂದೆ ಬಂದಂತೆ ಕಂಡಿತು, ಅಷ್ಟೇ. ನಿಜವಾಗಿ ಸರಿದದ್ದು ಬಲಗಾಲು.

ಅದರಾಚೆಗೆ ಚೆಂಡು ನಿಜಕ್ಕೂ ಸರಿಯತೊಡಗುತ್ತದೆ. ಉದ್ದದ ಐರನ್ ಮತ್ತು ಹೈಬ್ರಿಡ್‌ಗಳಲ್ಲಿ ಎಡ ಹಿಮ್ಮಡಿಯಿಂದ ಹತ್ತು ಸೆಂ.ಮೀ. ಆಸುಪಾಸು, ಫೇರ್‌ವೇ ವುಡ್‌ನಲ್ಲಿ ಆರೇಳು, ಡ್ರೈವರ್‌ನಲ್ಲಿ ಎರಡು-ಮೂರು. ಈ ಅಂಕಿಗಳು ಆಟಗಾರನ ಮೈಕಟ್ಟಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತವೆ. ಆದರೂ ಇಡೀ ಕ್ಲಬ್ ಚೀಲದಲ್ಲಿ ಚೆಂಡು ಪ್ರಯಾಣಿಸುವ ದೂರ ಹತ್ತು-ಹನ್ನೊಂದು ಸೆಂ.ಮೀ. ಮಾತ್ರ. ಹೊಸಬರು ಇದನ್ನು ಒಂದಡಿ ಎಂದು ತಿಳಿದು ವೆಜ್‌ಗೆ ಚೆಂಡನ್ನು ಬಲಗಾಲಿನ ಹತ್ತಿರವೇ ಇಟ್ಟುಬಿಡುತ್ತಾರೆ.

ಇಷ್ಟಾದರೂ ಸರಿಸುವುದೇಕೆ? ಕ್ಲಬ್ಬಿನ ತಲೆ ಉಯ್ಯಾಲೆಯ ಮಣೆಯ ಹಾಗೆ ಒಂದು ಕಮಾನಿನಲ್ಲಿ ಇಳಿದು ಏರುತ್ತದೆ. ಅದರ ಅತಿ ಕೆಳಗಿನ ಬಿಂದು, ನುರಿತ ಆಟಗಾರರಲ್ಲಿ, ಹೆಚ್ಚುಕಡಿಮೆ ಎಡ ಭುಜದ ಕೆಳಗೆ ಬರುತ್ತದೆ. ಹುಲ್ಲಿನ ಮೇಲೆ ಕೂತ ಚೆಂಡನ್ನು ಐರನ್‌ನಿಂದ ಹೊಡೆಯುವಾಗ ಕ್ಲಬ್ ಇನ್ನೂ ಇಳಿಯುತ್ತಿರಬೇಕು: ಮೊದಲು ಚೆಂಡು, ಆಮೇಲೆ ನೆಲ. ಹಾಗಾಗಿ ಚೆಂಡು ಆ ಬಿಂದುವಿಗಿಂತ ಹಿಂದಿರಬೇಕು. ಡ್ರೈವರ್‌ಗಾದರೋ ಚೆಂಡು ಟೀ ಮೇಲೆ ಎತ್ತರದಲ್ಲಿದೆ, ನೆಲ ಮುಟ್ಟುವ ಅಗತ್ಯವೇ ಇಲ್ಲ. ಕಮಾನು ತಳ ಮುಟ್ಟಿ ಮೇಲೇಳುವಾಗ ಹೊಡೆದರೆ ಕಡಿಮೆ ಬಲಕ್ಕೆ ಹೆಚ್ಚು ದೂರ ಸಿಗುತ್ತದೆ.

ಚೆಂಡಿನ ಹಾರಾಟ ಅಳೆಯುವ ಟ್ರ್ಯಾಕ್‌ಮನ್ ರೇಡಾರ್ ಪ್ರಕಟಿಸಿದ ಸರಾಸರಿಗಳಲ್ಲಿ ಒಂದು ಕುತೂಹಲದ ಸಂಗತಿ ಇದೆ. ಅಮೆರಿಕದ ಪುರುಷ ವೃತ್ತಿಪರರು ಡ್ರೈವರ್‌ನಲ್ಲೂ ಚೂರು ಕೆಳಮುಖವಾಗಿ, ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಹೊಡೆಯುತ್ತಿದ್ದರು. ಮಹಿಳೆಯರು ಸುಮಾರು ಮೂರು ಡಿಗ್ರಿ ಮೇಲ್ಮುಖವಾಗಿ. ಕ್ಲಬ್ಬಿನ ವೇಗ ಕಡಿಮೆ ಇರುವವರಿಗೆ ಮೇಲ್ಮುಖದ ಹೊಡೆತವೇ ಲಾಭದ್ದು. ವಾರಾಂತ್ಯಕ್ಕೆ ಕೋರ್ಸಿಗೆ ಬರುವ ನಡುವಯಸ್ಸಿನ ಹವ್ಯಾಸಿ ಡ್ರೈವರ್ ಹಿಡಿದಾಗ ಗಮನಿಸಬೇಕಾದದ್ದು ಪುರುಷರ ಟೂರನ್ನಲ್ಲ, ಮಹಿಳೆಯರ ಟೂರನ್ನು.

ಇನ್ನು ಗುರಿ ಹಿಡಿಯುವ ವಿಚಾರ. ಪಾದಗಳನ್ನು ನೇರ ಬಾವುಟದತ್ತ ತಿರುಗಿಸಿ ನಿಲ್ಲುವುದು ಬಹಳ ಜನರ ಅಭ್ಯಾಸ. ಗುರಿಯ ಗೆರೆ ಇರುವುದು ಚೆಂಡಿನ ಮೂಲಕ. ಆಟಗಾರ ನಿಂತಿರುವುದು ಅದರ ಈಚೆ ಪಕ್ಕದಲ್ಲಿ. ಎರಡು ಗೆರೆಗಳು ಸಮಾನಾಂತರವಾಗಿರಬೇಕೆಂದರೆ ಪಾದದ ಗೆರೆ ಬಾವುಟದ ಎಡಪಕ್ಕದಲ್ಲಿ ಹಾದುಹೋಗಬೇಕು. ಮೊದಲು ಕ್ಲಬ್ಬಿನ ಮುಖವನ್ನು ಗುರಿಗೆ ಇಟ್ಟು, ಆಮೇಲೆ ಅದಕ್ಕೆ ಹೊಂದಿಕೊಂಡು ಕಾಲಿಡುವುದೇ ಸರಿಯಾದ ಕ್ರಮ. ಏಕೆಂದರೆ ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ತೀರ್ಮಾನಿಸುವುದು ಆ ಮುಖ. 150 ಗಜದ ಹೊಡೆತದಲ್ಲಿ ಚೆಂಡು ಮೂರು ಡಿಗ್ರಿ ಓರೆಯಾಗಿ ಹೊರಟರೂ ಎಂಟು ಗಜ ಪಕ್ಕಕ್ಕೆ ಹೋಗಿ ಬೀಳುತ್ತದೆ. ನಿಕ್ಲಾಸ್ ಚೆಂಡಿನ ಹಿಂದೆ ನಿಂತು, ಗುರಿಯ ಗೆರೆಯ ಮೇಲೆ ಕೆಲವೇ ಅಡಿ ಮುಂದಿರುವ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತು ಮಾಡಿಕೊಂಡು, ಕ್ಲಬ್ಬಿನ ಮುಖವನ್ನು ಅದಕ್ಕೆ ಹೊಂದಿಸುತ್ತಿದ್ದರು. ದೂರದ ಬಾವುಟಕ್ಕಿಂತ ಹತ್ತಿರದ ಎಲೆ ಕಣ್ಣಿಗೆ ಸುಲಭ.

ಚೆಂಡಿನ ಜಾಗ, ನಿಲುವಿನ ದಿಕ್ಕು ಎಂದು ಎರಡು ಪಾಠ ಮಾಡುತ್ತಾರಾದರೂ ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ನಮ್ಮ 7ನೇ ಐರನ್ ಆಟಗಾರನ ಚೆಂಡು, ಅವನಿಗೆ ಗೊತ್ತಿಲ್ಲದೆ, ಎರಡು ಚೆಂಡಿನಷ್ಟು ಮುಂದೆ ಜಾರಿದೆ ಎನ್ನೋಣ. ಕ್ಲಬ್ಬನ್ನು ಅದರ ಹಿಂದಿಡಲು ಬಲಗೈ ಮುಂದೆ ಚಾಚುತ್ತದೆ, ಜೊತೆಗೆ ಬಲ ಭುಜವೂ ಬರುತ್ತದೆ. ಪಾದಗಳು ಸರಿಯಾಗಿಯೇ ಇವೆ, ಆದರೆ ಭುಜಗಳು ಗುರಿಯ ಎಡಕ್ಕೆ ತಿರುಗಿಬಿಟ್ಟಿವೆ. ಸ್ವಿಂಗ್ ಭುಜಗಳನ್ನೇ ಅನುಸರಿಸುವುದು ಹೆಚ್ಚು. ಕ್ಲಬ್ ಹೊರಗಿನಿಂದ ಒಳಕ್ಕೆ ಗೀರಿಕೊಂಡು ಬರುತ್ತದೆ. ಆಗ ಕ್ಲಬ್ಬಿನ ಮುಖ ಮುಚ್ಚಿದ್ದರೆ ಚೆಂಡು ಎಡಕ್ಕೆ, ತೆರೆದಿದ್ದರೆ ಬಲಕ್ಕೆ ಬಾಗುವ ಸ್ಲೈಸ್. ಸ್ಲೈಸ್ ಕಂಡವನು ಮಾಡುವುದೇನು? ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾನೆ. ರೋಗ ಬಲಿಯುತ್ತದೆ. ಚೆಂಡು ತೀರಾ ಹಿಂದಿದ್ದರೆ ಇದರ ತಿರುವುಮುರುವು: ಭುಜಗಳು ಬಲಕ್ಕೆ ಮುಚ್ಚುತ್ತವೆ, ಹೊಡೆತ ತಗ್ಗಾಗಿ ಬಲಕ್ಕೆ ಹೊರಡುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಐರನ್ ಹೊಡೆತಕ್ಕೆ ಎದ್ದ ಹುಲ್ಲಿನ ಹೆಪ್ಪಳಿಕೆ, ಅಂದರೆ ಡೈವಟ್, ಚೆಂಡು ಇದ್ದ ಜಾಗದಿಂದ ಮುಂದಕ್ಕೆ ಶುರುವಾಗಬೇಕು. ಹಿಂದೆಯೇ ಶುರುವಾಗಿದ್ದರೆ ಮೊದಲು ಸಂಶಯಿಸಬೇಕಾದದ್ದು ಚೆಂಡು ಮುಂದೆ ಜಾರಿದೆಯೇ ಎಂಬುದನ್ನು. ರೇಂಜಿನಲ್ಲಿ ಒಂದು ಕ್ಲಬ್ಬನ್ನು ಪಾದಗಳ ಮುಂದೆ ಗುರಿಯ ಗೆರೆಗೆ ಸಮಾನಾಂತರವಾಗಿ, ಇನ್ನೊಂದನ್ನು ಚೆಂಡಿನಿಂದ ಪಾದದ ಕಡೆಗೆ ಅಡ್ಡಲಾಗಿ ಇಟ್ಟರೆ ಅಂತರ ಕಣ್ಣಿಗೇ ಕಾಣುತ್ತದೆ. ಅಳತೆ ಹಿಮ್ಮಡಿಯಿಂದ ಆಗಬೇಕು, ಬೆರಳಿನಿಂದಲ್ಲ. ಎಡ ಪಾದ ಹೊರಕ್ಕೆ ತಿರುಗಿದ್ದರೆ ಬೆರಳ ತುದಿಗಳ ನಡುಭಾಗ ಮುಂದಕ್ಕೆ ಹೋಗಿ, ಚೆಂಡು ಇರುವುದಕ್ಕಿಂತ ಹಿಂದಿರುವಂತೆ ತೋರುತ್ತದೆ. ಭುಜಗಳನ್ನು ಪರೀಕ್ಷಿಸಲು ಜೊತೆಗಾರರೊಬ್ಬರು ಹಿಂದಿನಿಂದ ಒಂದು ಫೋಟೋ ತೆಗೆದರೆ ಸಾಕು.

ಈ ಉಪಾಯಗಳೆಲ್ಲ ಅಭ್ಯಾಸಕ್ಕೆ ಮಾತ್ರ. ಸ್ಪರ್ಧೆಯಲ್ಲಿ ಪಾದ ಹೊಂದಿಸಲು ನೆಲದ ಮೇಲೆ ಕ್ಲಬ್ಬನ್ನೋ ಕೋಲನ್ನೋ ಇಟ್ಟು ನಿಂತರೆ, 2019ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಆಮೇಲೆ ಅದನ್ನು ತೆಗೆದು ಹೊಡೆದರೂ ದಂಡ ತಪ್ಪುವುದಿಲ್ಲ. ಆಟಗಾರ ನಿಲುವು ಹೊಂದಿಸಿಕೊಳ್ಳುವಾಗ ಕ್ಯಾಡಿ ಬೆನ್ನ ಹಿಂದೆ ಗುರಿಯ ಗೆರೆಯಲ್ಲಿ ನಿಲ್ಲುವುದಕ್ಕೂ ಅದೇ ವರ್ಷ ನಿರ್ಬಂಧ ಬಂತು. ಆ ಜನವರಿಯಲ್ಲೇ ದುಬೈ ಟೂರ್ನಿಯ ಕೊನೆಯ ಗ್ರೀನ್‌ನಲ್ಲಿ ಚೀನಾದ ಲಿ ಹಾವೊಟಾಂಗ್‌ಗೆ ಇದಕ್ಕಾಗಿ ಎರಡು ಹೊಡೆತಗಳ ದಂಡ ಬಿತ್ತು. ಮೂರನೇ ಸ್ಥಾನ ಹಂಚಿಕೊಳ್ಳಬೇಕಿದ್ದವರು ಹನ್ನೆರಡಕ್ಕೆ ಇಳಿದರು.