ಎಕ್ಸೆಲ್‌ಗೆ ಎರಡನೇ ಶನಿವಾರ ತಿಳಿಯದು

2025ರ ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ರಜೆಯ ಮೇಲೆ ರಜೆ. 1ರಂದು ಆಯುಧಪೂಜೆ. 2ಕ್ಕೆ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಂದೇ ದಿನ. 7ಕ್ಕೆ ವಾಲ್ಮೀಕಿ ಜಯಂತಿ, 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ. ಇವುಗಳ ಜೊತೆಗೆ ನಾಲ್ಕು ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ. ಆ ತಿಂಗಳ ಕೆಲಸದ ದಿನ ಎಷ್ಟೆಂದು ಗುಮಾಸ್ತರು ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಬಹುದು. ಆದರೆ ಇನ್ನೂರು ಅರ್ಜಿಗಳಲ್ಲಿ ಪ್ರತಿಯೊಂದೂ ಎಷ್ಟು ಕೆಲಸದ ದಿನ ಮೇಜಿನ ಮೇಲಿತ್ತು ಎಂದು ಕೇಳಿದರೆ ಬೆರಳು ಸಾಲದು.

ಇದಕ್ಕೆ ಎಕ್ಸೆಲ್‌ನಲ್ಲಿ NETWORKDAYS ಎಂಬ ಸೂತ್ರವಿದೆ. ಮೊದಲ ದಿನಾಂಕ, ಕೊನೆಯ ದಿನಾಂಕ, ರಜೆಗಳ ಪಟ್ಟಿ ಈ ಮೂರನ್ನು ಕೊಟ್ಟರೆ ಸಾಕು. ಅಕ್ಟೋಬರ್ 1ರಿಂದ 31ರವರೆಗೆ ಪಟ್ಟಿಯಿಲ್ಲದೆ ಕೇಳಿದರೆ 23 ಎನ್ನುತ್ತದೆ; ಐದು ಹಬ್ಬದ ರಜೆಗಳನ್ನು ಕೊಟ್ಟರೆ 18. ಎರಡೂ ತಪ್ಪು. ಈ ಸೂತ್ರ ಎಲ್ಲ ಶನಿವಾರಗಳನ್ನೂ ರಜೆಯೆಂದೇ ಹಿಡಿಯುತ್ತದೆ. ನಮ್ಮ ಕಚೇರಿಗಳಲ್ಲಿ ಮೊದಲ, ಮೂರನೇ ಶನಿವಾರ ಬಾಗಿಲು ತೆರೆದಿರುತ್ತದೆ. ಬ್ಯಾಂಕುಗಳಲ್ಲೂ 2015ರ ಸೆಪ್ಟೆಂಬರ್‌ನಿಂದ ಇದೇ ಕ್ರಮ.

2010ರ ಆವೃತ್ತಿಯಲ್ಲಿ ಬಂದ NETWORKDAYS.INTL ಎಂಬ ಸೂತ್ರದಲ್ಲಿ ವಾರದ ರಜೆ ಯಾವುದೆಂದು ನಾವೇ ಹೇಳಬಹುದು. ಭಾನುವಾರ ಮಾತ್ರ ರಜೆಯಾದರೆ 11, ಸೌದಿ ಅರೇಬಿಯಾದಂತೆ ಶುಕ್ರವಾರ-ಶನಿವಾರವಾದರೆ 7. ಆದರೆ ‘ಎರಡನೇ ಮತ್ತು ನಾಲ್ಕನೇ ಶನಿವಾರ’ ಎಂಬುದಕ್ಕೆ ಇದರಲ್ಲೂ ಸಂಖ್ಯೆಯಿಲ್ಲ. ಆದ್ದರಿಂದ ವಾರದ ರಜೆಗೆ 11 ಎಂದು ಕೊಟ್ಟು, ಆ ಎರಡು ಶನಿವಾರಗಳನ್ನು ಹಬ್ಬಗಳ ಜೊತೆಗೇ ರಜಾಪಟ್ಟಿಗೆ ಸೇರಿಸಿಬಿಡುವುದು ಒಳ್ಳೆಯ ದಾರಿ. ಅವನ್ನು ಹುಡುಕಲು ಕ್ಯಾಲೆಂಡರ್ ಕೂಡ ಬೇಡ. J2 ಕೋಶದಲ್ಲಿ ತಿಂಗಳ ಮೊದಲ ದಿನಾಂಕ ಬರೆದರೆ, ಕೆಳಗಿನ ಮೊದಲ ಸಾಲು ಎರಡನೇ ಶನಿವಾರವನ್ನೂ ಎರಡನೆಯದು ನಾಲ್ಕನೇ ಶನಿವಾರವನ್ನೂ ಕೊಡುತ್ತದೆ:

```
=J2+14-WEEKDAY(J2)
=J2+28-WEEKDAY(J2)
```

ಅಕ್ಟೋಬರ್‌ಗೆ ಸಿಗುವುದು 11 ಮತ್ತು 25. ಐದು ಹಬ್ಬ, ಎರಡು ಶನಿವಾರ ಸೇರಿ ಪಟ್ಟಿಯಲ್ಲಿ ಏಳು ದಿನಾಂಕ. ಅವು H2ರಿಂದ H8ರವರೆಗೆ ಇರಲಿ. A2ರಲ್ಲಿ ಆರಂಭದ ದಿನ, B2ರಲ್ಲಿ ಕೊನೆಯ ದಿನ:

```
=NETWORKDAYS.INTL(A2,B2,11,$H$2:$H$8)
```

ಉತ್ತರ 20. ಕೈಲೆಕ್ಕವೂ ಇದನ್ನೇ ಹೇಳುತ್ತದೆ: 31ರಲ್ಲಿ ನಾಲ್ಕು ಭಾನುವಾರ ಕಳೆದರೆ 27, ಏಳು ರಜೆ ಕಳೆದರೆ 20. ಪಟ್ಟಿಯ ಮುಂದಿರುವ ಡಾಲರ್ ಚಿಹ್ನೆಗಳನ್ನು ಬಿಡಬಾರದು. ಅವಿಲ್ಲದೆ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದರೆ ಪಟ್ಟಿಯೂ ಒಂದೊಂದು ಸಾಲು ಕೆಳಗೆ ಜಾರುತ್ತದೆ, ಮೂರನೇ ಅರ್ಜಿಗೆ ಬರುವಷ್ಟರಲ್ಲಿ ಮೊದಲ ಎರಡು ರಜೆಗಳು ಮಾಯ.

ಇದಕ್ಕಿಂತ ಕಂಡುಹಿಡಿಯಲು ಕಷ್ಟವಾದ ತಪ್ಪು ದಿನಾಂಕ ಬರೆಯುವ ಕ್ರಮದಲ್ಲಿದೆ. ಎಕ್ಸೆಲ್‌ನ ಒಳಗೆ ದಿನಾಂಕವೆಂದರೆ ಬರೀ ಸಂಖ್ಯೆ. 1900ರ ಜನವರಿ 1ಕ್ಕೆ 1 ಎಂದು ಹಿಡಿದರೆ 2025ರ ಅಕ್ಟೋಬರ್ 1ಕ್ಕೆ 45931. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಅಲ್ಲಿ 20/10/2025 ಎಂದು ಬರೆದರೆ ಇಪ್ಪತ್ತನೇ ತಿಂಗಳು ಇಲ್ಲದ ಕಾರಣ ಅದು ಬರೀ ಅಕ್ಷರವಾಗಿ ಉಳಿದು, ಸೂತ್ರ #VALUE! ಎಂದು ದೂರುತ್ತದೆ. ಅಷ್ಟಾದರೆ ಒಳ್ಳೆಯದೇ, ತಪ್ಪು ಕಣ್ಣಿಗೆ ಬಿತ್ತು. ಆದರೆ 7/10/2025 ಎಂಬುದನ್ನು ಜುಲೈ 10 ಎಂದು ಓದಿ ಸುಮ್ಮನಾಗುತ್ತದೆ. ವಾಲ್ಮೀಕಿ ಜಯಂತಿ ಪಟ್ಟಿಯಿಂದ ಹೊರಬಿದ್ದು ಉತ್ತರ 21 ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಪಟ್ಟಿಯ ಕೋಶಗಳಿಗೆ `ddd dd-mmm-yyyy` ಎಂಬ ರೂಪ ಕೊಟ್ಟರೆ ವಾರ, ತಿಂಗಳ ಹೆಸರು ಎರಡೂ ಕಾಣಿಸುತ್ತವೆ. ಅಕ್ಟೋಬರ್‌ನ ಸಾಲಿನಲ್ಲಿ ಜುಲೈ ಇದ್ದರೆ ಆಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ವಿಷಯವನ್ನು ಲೆಕ್ಕಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಈ ಸೂತ್ರ ಆರಂಭದ ದಿನ, ಕೊನೆಯ ದಿನ ಎರಡನ್ನೂ ಸೇರಿಸಿ ಎಣಿಸುತ್ತದೆ. ಅಕ್ಟೋಬರ್ 6ರ ಸೋಮವಾರ ಬಂದ ಅರ್ಜಿ 10ರ ಶುಕ್ರವಾರ ವಿಲೇವಾರಿಯಾದರೆ, 7ರ ರಜೆ ಬಿಟ್ಟು ಉತ್ತರ 4. ಅರ್ಜಿ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯದ ಕಚೇರಿಯಲ್ಲಿ ಅದು 3 ಆಗಬೇಕು. ಹಲವರು ಕೊನೆಗೆ 1 ಕಳೆದುಬಿಡುತ್ತಾರೆ. ಅರ್ಜಿ ಆನ್‌ಲೈನ್‌ನಲ್ಲಿ ಭಾನುವಾರ ಬಂದಿದ್ದರೆ ಆ ದಿನ ಹೇಗೂ ಲೆಕ್ಕಕ್ಕೆ ಬಂದಿರುವುದಿಲ್ಲ, ಕಳೆದರೆ ಒಂದು ದಿನ ಕಡಿಮೆಯಾಗುತ್ತದೆ. ಹಾಗಾಗಿ ಎಣಿಕೆಯನ್ನೇ ಮರುದಿನದಿಂದ, ಅಂದರೆ A2+1ರಿಂದ, ಆರಂಭಿಸುವುದು ಸರಿ. ಅದರಲ್ಲೂ ಒಂದು ತೊಡಕಿದೆ: ಬಂದ ದಿನವೇ ಅರ್ಜಿ ಮುಗಿದರೆ ಆರಂಭದ ದಿನಾಂಕ ಕೊನೆಯ ದಿನಾಂಕಕ್ಕಿಂತ ಮುಂದಾಗಿ, ಎರಡೂ ಕೆಲಸದ ದಿನಗಳಾಗಿದ್ದರೆ ಉತ್ತರ ಸೊನ್ನೆಯ ಬದಲು −2 ಬರುತ್ತದೆ. ಅಂಥ ಅರ್ಜಿಗಳಿಗಾಗಿ ಸೂತ್ರವನ್ನು ಹೀಗೆ ಬರೆಯಬೇಕು:

```
=IF(A2=B2,0,NETWORKDAYS.INTL(A2+1,B2,11,$H$2:$H$8))
```