ಟ್ರಿಗರ್ ಆಯಿತು, ಷೇರು ಮಾತ್ರ ಮಾರಾಟವಾಗಲಿಲ್ಲ

2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಹಿಂದಿನ ದಿನವಷ್ಟೇ ದಾಖಲೆ ಎತ್ತರದಲ್ಲಿ ಮುಗಿದಿದ್ದ ಸೆನ್ಸೆಕ್ಸ್, ಅಂದು ಒಂದು ಹಂತದಲ್ಲಿ ಆರು ಸಾವಿರ ಅಂಶಗಳಿಗೂ ಹೆಚ್ಚು ಕುಸಿಯಿತು. ಸಂಜೆ 4,390 ಅಂಶ ಕಳೆದುಕೊಂಡು 72,079ರಲ್ಲಿ ನಿಂತಿತು. ಇಂಥ ದಿನ ಬಂದರೆ ಇರಲಿ ಎಂದೇ ಜನ ಸ್ಟಾಪ್‌ಲಾಸ್ ಹಾಕಿಡುತ್ತಾರೆ. ಆದರೆ ಸ್ಟಾಪ್‌ಲಾಸ್ ಕೈಕೊಡುವುದೂ ಇಂಥ ದಿನಗಳಲ್ಲೇ. ಬೆಲೆ ನಾವು ಹೇಳಿದ ಮಟ್ಟಕ್ಕೆ ಇಳಿದಿರುತ್ತದೆ, ಆರ್ಡರ್ ಜೀವ ಪಡೆದಿರುತ್ತದೆ, ಷೇರು ಮಾತ್ರ ನಮ್ಮ ಖಾತೆಯಲ್ಲೇ ಉಳಿದಿರುತ್ತದೆ.

ಹೀಗೇಕೆ ಆಗುತ್ತದೆ ಎಂದು ತಿಳಿಯಬೇಕಾದರೆ ಬ್ರೋಕರ್ ಆ್ಯಪ್‌ನಲ್ಲಿ ಅಕ್ಕಪಕ್ಕ ಕಾಣುವ SL ಮತ್ತು SL-M ಎಂಬ ಎರಡು ಆಯ್ಕೆಗಳನ್ನು ನೋಡಬೇಕು. ಎರಡರಲ್ಲೂ ಟ್ರಿಗರ್ ಬೆಲೆ ಎಂಬುದೊಂದಿದೆ. ಷೇರಿನ ಕೊನೆಯ ವಹಿವಾಟಿನ ಬೆಲೆ ಆ ಮಟ್ಟ ಮುಟ್ಟುವ ತನಕ ಆರ್ಡರ್ ನಿದ್ದೆಯಲ್ಲಿರುತ್ತದೆ. ಪರದೆಯ ಮೇಲೆ TRIGGER PENDING ಎಂದು ಕಾಣುವುದು ಆಗಲೇ. ಮುಟ್ಟಿದ ಮೇಲೆ ಎರಡರ ದಾರಿ ಬೇರೆಯಾಗುತ್ತದೆ. SL-M ‘ಎಷ್ಟಕ್ಕಾದರೂ ಸರಿ, ಮಾರಿಬಿಡು’ ಎನ್ನುತ್ತದೆ. SL ‘ಮಾರು, ಆದರೆ ಇಷ್ಟಕ್ಕಿಂತ ಕಡಿಮೆಗೆ ಬೇಡ’ ಎನ್ನುತ್ತದೆ. ಆ ‘ಇಷ್ಟಕ್ಕಿಂತ’ ಎಂಬುದೇ ಲಿಮಿಟ್ ಬೆಲೆ. ಮೊದಲನೆಯದು ಮಾರಾಟದ ಕಡೆಗೆ ವಾಲಿದರೆ ಎರಡನೆಯದು ಬೆಲೆಯ ಕಡೆಗೆ ವಾಲುತ್ತದೆ. ಎರಡನ್ನೂ ಒಟ್ಟಿಗೆ ಖಾತ್ರಿಪಡಿಸುವುದು ಇವೆರಡರಲ್ಲಿ ಯಾವುದಕ್ಕೂ ಸಾಧ್ಯವಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮಲ್ಲಿ 500 ರೂಪಾಯಿ ಬೆಲೆಯ 200 ಷೇರುಗಳಿವೆ ಎಂದುಕೊಳ್ಳಿ. 480ಕ್ಕೆ ಇಳಿದರೆ ಹೊರಬರಬೇಕೆಂದು SL ಆರ್ಡರ್ ಹಾಕಿದ್ದೀರಿ: ಟ್ರಿಗರ್ 480, ಲಿಮಿಟ್ 478. ಮಾಮೂಲಿ ದಿನವಾದರೆ ಎರಡು ರೂಪಾಯಿಯ ಅಂತರ ಧಾರಾಳವಾಯಿತು. ಆದರೆ ಇವತ್ತು ಕೆಟ್ಟ ಸುದ್ದಿ ಬಂದಿದೆ. 484ರಲ್ಲಿದ್ದ ಬೆಲೆ ಕಣ್ಣು ಮಿಟುಕಿಸುವಷ್ಟರಲ್ಲಿ 479ಕ್ಕೆ ಬಂತು, ನಿಮ್ಮ ಆರ್ಡರ್ ಎಚ್ಚರಗೊಂಡಿತು. ಅಷ್ಟರಲ್ಲಿ ನಿಮಗಿಂತ ಮುಂದಿದ್ದ ಮಾರಾಟಗಾರರು 478ಕ್ಕೂ ಅದಕ್ಕಿಂತ ಮೇಲಕ್ಕೂ ಕೊಳ್ಳಲು ನಿಂತಿದ್ದವರನ್ನೆಲ್ಲ ಖಾಲಿ ಮಾಡಿದ್ದಾರೆ. ಈಗ ಉಳಿದವರು 474ಕ್ಕೆ 50 ಷೇರು, 473ಕ್ಕೆ 100, 471ಕ್ಕೆ 50 ಕೇಳುತ್ತಿದ್ದಾರೆ.

SL-M ಹಾಕಿದ್ದರೆ ಆರ್ಡರ್ ಈ ಮೂರು ಮೆಟ್ಟಿಲು ಇಳಿದು 200 ಷೇರುಗಳನ್ನೂ ಮಾರುತ್ತಿತ್ತು. ಕೈಗೆ 94,550 ರೂಪಾಯಿ, ಅಂದರೆ ಷೇರಿಗೆ ಸರಾಸರಿ 472.75. ಅಂದುಕೊಂಡ 480ಕ್ಕಿಂತ ಒಟ್ಟು 1,450 ರೂಪಾಯಿ ಕಡಿಮೆ. ನಿಮ್ಮ SL ಆರ್ಡರ್ ಮಾತ್ರ 474ಕ್ಕೆ ಮಾರಲು ಒಪ್ಪುವುದಿಲ್ಲ. ಅದು 478ರ ಮಾಮೂಲಿ ಮಾರಾಟದ ಆರ್ಡರ್ ಆಗಿ ಸಾಲಿನಲ್ಲಿ ನಿಂತುಬಿಡುತ್ತದೆ. ಪರದೆಯಲ್ಲಿ TRIGGER PENDING ಹೋಗಿ OPEN ಎಂದು ಬರುತ್ತದೆ. ಬೆಲೆ ಮತ್ತೆ 478ಕ್ಕೆ ಏರಿದರಷ್ಟೇ ಅದಕ್ಕೆ ಬಿಡುಗಡೆ. ಏರದೆ ದಿನದ ಕೊನೆಗೆ ಷೇರು 452ಕ್ಕೆ ಬಂದರೆ ನಿಮ್ಮ 200 ಷೇರುಗಳ ಬೆಲೆ 90,400 ರೂಪಾಯಿ. ಎರಡು ರೂಪಾಯಿಯ ಅಂತರವನ್ನು ಬಿಗಿ ಹಿಡಿದದ್ದಕ್ಕೆ 4,150 ರೂಪಾಯಿ ಹೆಚ್ಚುವರಿ ನಷ್ಟ.

ಲಿಮಿಟ್ ಅನ್ನು ಇಷ್ಟು ಬಿಗಿಯಾಗಿ ಇಡುವುದರ ಹಿಂದೆ ಬಹಳ ಸಲ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ‘468 ಎಂದು ಬರೆದರೆ 468ಕ್ಕೇ ಮಾರಿಬಿಡುತ್ತದಲ್ಲ’ ಎಂಬ ಭಯ ಅದು. ಹಾಗಾಗುವುದಿಲ್ಲ. ಲಿಮಿಟ್ ಬೆಲೆ ಎಂದರೆ ಕಡಿಮೆಯೆಂದರೆ ಇಷ್ಟು ಬರಲೇಬೇಕು ಎಂಬ ಗೆರೆ. ವಿನಿಮಯ ಕೇಂದ್ರದ ವ್ಯವಸ್ಥೆ ಅತಿ ಹೆಚ್ಚು ಬೆಲೆ ಕೊಡುವವರಿಂದಲೇ ಶುರುಮಾಡುತ್ತದೆ. ಮೇಲಿನ ಲೆಕ್ಕದಲ್ಲಿ 468 ಎಂದು ಬರೆದಿದ್ದರೂ 474, 473, 471ಕ್ಕೇ ಮಾರಾಟವಾಗಿ ಅದೇ 94,550 ಸಿಗುತ್ತಿತ್ತು. ಪೇಟೆ ಶಾಂತವಾಗಿದ್ದು ಕೊಳ್ಳುವವರು 479ರಲ್ಲೇ ಸಾಕಷ್ಟಿದ್ದರೆ 479ಕ್ಕೇ ಹೋಗುತ್ತಿತ್ತು. ಲಿಮಿಟ್ ಕೆಳಗಿಟ್ಟದ್ದಕ್ಕೆ ಆ ದಿನ ನೀವು ತೆರಬೇಕಾದದ್ದು ಏನೂ ಇಲ್ಲ.

ಹಾಗಿದ್ದರೆ ಗೆರೆಯೇ ಬೇಡ, SL-M ಸಾಕು ಎನ್ನಬಹುದೇ? 2012ರ ಅಕ್ಟೋಬರ್ 5ರ ಬೆಳಿಗ್ಗೆಯನ್ನು ನೆನೆಯಬೇಕು. ಒಂದು ಬ್ರೋಕರೇಜ್ ಕಚೇರಿಯಿಂದ ತಪ್ಪಾಗಿ ಹೊರಟ, ಸುಮಾರು 650 ಕೋಟಿ ರೂಪಾಯಿ ಮೌಲ್ಯದ ಮಾರಾಟದ ಆರ್ಡರ್‌ಗಳು ಎನ್‌ಎಸ್‌ಇಯಲ್ಲಿ ಕೊಳ್ಳುವವರ ಸಾಲನ್ನು ಗುಡಿಸಿಹಾಕಿದವು. ನಿಫ್ಟಿ ಕೆಲವೇ ಕ್ಷಣಗಳಲ್ಲಿ ಶೇ 15ಕ್ಕೂ ಹೆಚ್ಚು ಬಿದ್ದು ಮತ್ತೆ ಮೇಲೆದ್ದಿತು. ಅಂಥ ಕ್ಷಣದಲ್ಲಿ ಟ್ರಿಗರ್ ಆದ SL-M ಆರ್ಡರ್ ತಳದ ಬೆಲೆಗೇ ಮಾರುತ್ತದೆ. ನಿಮಿಷ ಕಳೆದು ಬೆಲೆ ಸರಿಹೋದರೂ ಮಾರಿದ್ದು ಮಾರಿದ್ದೇ. ಕೊಳ್ಳುವವರು ವಿರಳವಾಗಿರುವ ಆಪ್ಷನ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಎನ್‌ಎಸ್‌ಇ 2021ರ ಸೆಪ್ಟೆಂಬರ್ 27ರಿಂದ ಆಪ್ಷನ್‌ಗಳಲ್ಲಿ SL-M ನಿಲ್ಲಿಸಿತು. ಅಲ್ಲಿ ವ್ಯವಹರಿಸುವವರಿಗೆ ಲಿಮಿಟ್ ಇರುವ SL ಮಾತ್ರ ಉಳಿದಿದೆ. ಆದ್ದರಿಂದ ಲಿಮಿಟ್ ಎಲ್ಲಿಡಬೇಕೆಂಬುದು ಅವರಿಗೆ ದಿನನಿತ್ಯದ ಪ್ರಶ್ನೆ.

ಅದಕ್ಕೆ ಉತ್ತರ ಮಾರ್ಕೆಟ್ ಡೆಪ್ತ್‌ನಲ್ಲಿದೆ. ಆ್ಯಪ್‌ನಲ್ಲಿ ಷೇರಿನ ಹೆಸರು ಒತ್ತಿದರೆ ಕೊಳ್ಳುವವರ ಮೊದಲ ಐದು ಬೆಲೆಗಳು, ಪ್ರತಿ ಬೆಲೆಗೆ ಎಷ್ಟು ಷೇರು ಎಂಬುದು ಕಾಣುತ್ತದೆ. ನಿಮ್ಮ ಷೇರುಗಳಷ್ಟೂ ಮಾರಾಟವಾಗಲು ಎಷ್ಟು ಮೆಟ್ಟಿಲು ಇಳಿಯಬೇಕೆಂದು ಅಲ್ಲೇ ಎಣಿಸಬಹುದು. ಗಾಬರಿಯ ಹೊತ್ತಿನಲ್ಲಿ ಈ ಸಾಲು ತೆಳ್ಳಗಾಗುತ್ತದೆ, ಹಾಗಾಗಿ ಶಾಂತ ದಿನದ ಅಳತೆಯ ಹಲವು ಪಟ್ಟು ಜಾಗ ಬಿಡಬೇಕು. ‘ಎಷ್ಟಕ್ಕೆ ಮಾರಲು ಇಷ್ಟ’ ಎಂದು ಕೇಳಿಕೊಂಡು ಲಿಮಿಟ್ ಬರೆಯಬೇಡಿ. ‘ಎಷ್ಟಕ್ಕಿಂತ ಕೆಳಗೆ ಮಾರುವ ಬದಲು ಷೇರನ್ನು ಇಟ್ಟುಕೊಳ್ಳುವುದೇ ವಾಸಿ’ ಎಂದು ಕೇಳಿಕೊಂಡು ಬರೆಯಿರಿ.

ಇಷ್ಟಾದರೂ ಬೆಲೆ ಲಿಮಿಟ್ ಹಾರಿ ಕೆಳಗೆ ಹೋಗಬಹುದು. ಟ್ರಿಗರ್ ಆಗಿಯೂ ಆರ್ಡರ್ OPEN ಎಂದೇ ನಿಂತಿದ್ದರೆ, ಅಥವಾ 200ರಲ್ಲಿ 60 ಮಾತ್ರ ಮಾರಾಟವಾಗಿದ್ದರೆ, ನೀವಿನ್ನೂ ಹೊರಬಂದಿಲ್ಲ. ಆಗ ಅದೇ ಆರ್ಡರ್ ತೆರೆದು, ಲಿಮಿಟ್ ಅನ್ನು ಕೊಳ್ಳುವವರು ಈಗ ಕೊಡುತ್ತಿರುವ ಬೆಲೆಗಿಂತ ತುಸು ಕೆಳಕ್ಕೆ ತಿದ್ದಿ. ಆತುರದಲ್ಲಿ ಹೊಸದಾಗಿ ಇನ್ನೊಂದು ಮಾರಾಟದ ಆರ್ಡರ್ ಹಾಕಬೇಡಿ. ಬೆಲೆ ಪುಟಿದೆದ್ದಾಗ ಹಳೆಯದೂ ಮಾರಾಟವಾಗಿ, ಅದೇ ದಿನ ಮುಗಿಸುವ ವಹಿವಾಟಿನಲ್ಲಿ ಅಥವಾ ಫ್ಯೂಚರ್ಸ್‌ನಲ್ಲಿ ನಿಮ್ಮ ಬಳಿ ಇಲ್ಲದ್ದನ್ನೂ ಮಾರಿದಂತಾದೀತು.

ಎರಡು ಸಂದರ್ಭಗಳಲ್ಲಿ SL-M ಕೂಡ ಕೈಹಿಡಿಯುವುದಿಲ್ಲ. ಷೇರು ಲೋವರ್ ಸರ್ಕಿಟ್‌ಗೆ ಬಿದ್ದಾಗ ಕೊಳ್ಳುವವರೇ ಇರುವುದಿಲ್ಲ, ಆಗ ಎಲ್ಲ ಆರ್ಡರ್‌ಗಳೂ ಸಾಲಿನಲ್ಲಿ ನಿಲ್ಲುತ್ತವೆ. ಇನ್ನೊಂದು, ರಾತ್ರಿ ಕಳೆಯುವಾಗಿನದು. ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್‌ನ ಆಯುಸ್ಸು ಒಂದೇ ದಿನ. ಇವತ್ತು ಹಾಕಿದ್ದು ಸಂಜೆಗೆ ರದ್ದಾಗುತ್ತದೆ, ಮರುದಿನ ಬೆಳಿಗ್ಗೆ 9.15ಕ್ಕೆ ಷೇರು ನೇರ 455ಕ್ಕೆ ತೆರೆದರೆ 480ರಲ್ಲಿ ಕಾಯುತ್ತಿರುವ ಕಾವಲುಗಾರ ಯಾರೂ ಇರುವುದಿಲ್ಲ. ಸ್ಟಾಪ್‌ಲಾಸ್ ತಡೆಯಬಲ್ಲದ್ದು ವಹಿವಾಟು ನಡೆಯುವಾಗ ಮೆಟ್ಟಿಲು ಮೆಟ್ಟಿಲಾಗಿ ಆಗುವ ಇಳಿತವನ್ನು. ರಾತ್ರೋರಾತ್ರಿ ತೆರೆದುಕೊಳ್ಳುವ ಕಂದಕದ ನಷ್ಟ ತಾಳಿಕೊಳ್ಳುವಂತಿರಬೇಕಾದರೆ, ಒಂದೇ ಷೇರಿನಲ್ಲಿ ಎಷ್ಟು ಹಣ ಇಡಬೇಕೆಂಬುದನ್ನು ಕೊಳ್ಳುವ ದಿನವೇ ತೀರ್ಮಾನಿಸಿಕೊಂಡಿರಬೇಕು.